ಗೊತ್ತಿದ್ದ ಉತ್ತರ ಪಕ್ಕದವರ ಪಾಲು

ಭಾನುವಾರ ಬೆಳಿಗ್ಗೆ, ಕ್ವೀನ್ಸ್ ರಸ್ತೆ ಕಡೆಯ ಒಂದು ಹಾಲ್. ವೇದಿಕೆಯ ಮೇಲೆ ಆರು ತಂಡ, ನಮ್ಮದು ಮೂರನೆಯದು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಕರೆಂಟು ಬಂದದ್ದು ಎಲ್ಲಿಂದ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿತು. ಸರದಿ ಮೊದಲ ತಂಡದ್ದು. ನನ್ನ ಗೆಳೆಯ ಮೊದಲ ಸಲ ಕ್ವಿಜ್‌ಗೆ ಬಂದಿದ್ದ. ನನ್ನ ಕಿವಿಯ ಹತ್ತಿರ ಬಗ್ಗಿ, "ಜೋಗ ಇರಲ್ಲ ಕಣೋ, ಅದು ತುಂಬಾ ಆಮೇಲಿನದು. ಶಿವನಸಮುದ್ರ ಅನ್ಸತ್ತೆ" ಎಂದ. ಅವನು ಅಂದುಕೊಂಡಿದ್ದು ಪಿಸುಮಾತು. ಮೊದಲ ತಂಡ ಪಾಸ್ ಎಂದಿತು. ನಮ್ಮ ಎಡಗಡೆ ಕೂತಿದ್ದ ಎರಡನೆಯ ತಂಡ ಒಂದು ಕ್ಷಣವೂ ತಡಮಾಡದೆ "ಶಿವನಸಮುದ್ರ" ಎಂದಿತು. 10 ಅಂಕ ಅವರಿಗೆ.

ತಕರಾರು ಹೇಳಲು ಏನೂ ಇರಲಿಲ್ಲ. ಕೇಳಿಸಿಕೊಂಡವನ ತಪ್ಪು ಅಲ್ಲಿ ಲೆಕ್ಕಕ್ಕಿಲ್ಲ, ಬಾಯಿಬಿಟ್ಟವನದ್ದೇ ತಪ್ಪು. ಆದರೆ ಗೆಳೆಯನ ಅಭ್ಯಾಸ ಎಲ್ಲಿಯದು ಅಂತ ನನಗೆ ಗೊತ್ತಿತ್ತು. ಅವನು ಟಿವಿಯಲ್ಲಿ ಕೋಟ್ಯಧಿಪತಿ ನೋಡಿ ಬೆಳೆದವನು. ಅಲ್ಲಿ ಹಾಟ್ ಸೀಟಿನಲ್ಲಿ ಕೂತವರು ಜೋರಾಗಿ ಯೋಚಿಸುತ್ತಾರೆ. ಅದು ಇರಬಹುದು, ಇದಲ್ಲ, ನಮ್ಮ ಮೇಷ್ಟ್ರು ಹೀಗೆ ಹೇಳಿದ್ರು ಎಂದೆಲ್ಲ ಮಾತಾಡುತ್ತಾರೆ. ಲಾಕ್ ಮಾಡಿ ಎನ್ನುವ ತನಕ ಯಾವ ಮಾತೂ ಉತ್ತರವಲ್ಲ. ಹಾಲ್‌ನಲ್ಲಿ ಮೊದಲು ಬಾಯಿಂದ ಬಿದ್ದದ್ದೇ ಉತ್ತರ. ಒಂದು ಆಟದ ನಿಯಮ ಇನ್ನೊಂದರಲ್ಲಿ ಕಾಲಿಗೆ ತೊಡರುವುದು ಹೀಗೆ. ಈ ನಿಯಮಗಳು ಬೇರೆಬೇರೆಯಾದದ್ದು ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬೆಂಗಳೂರಿನಲ್ಲಿ ಶುರುವಾದದ್ದು 1983ರಲ್ಲಿ. ಎರಡು ವರ್ಷದ ನಂತರ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ ಕ್ವಿಜ್ ಟೈಮ್ ಬಂದು ಕಾಲೇಜು ಹುಡುಗರಿಗೆ ಹುಚ್ಚು ಹಿಡಿಸಿತು. ಶಾಲೆ ಕಾಲೇಜುಗಳ ವೇದಿಕೆಗಳಲ್ಲಿ ಆಗ ಎಲ್ಲರಿಗೂ ಗೊತ್ತಿದ್ದ ಪದ್ಧತಿ ಡೈರೆಕ್ಟ್ ಮತ್ತು ಪಾಸ್. ಒಂದನೆಯ ಪ್ರಶ್ನೆ ಒಂದನೆಯ ತಂಡಕ್ಕೆ, ಎರಡನೆಯದು ಎರಡನೆಯ ತಂಡಕ್ಕೆ. ಗೊತ್ತಿಲ್ಲದಿದ್ದರೆ ಪಕ್ಕದವರಿಗೆ ಪಾಸ್, ಅಲ್ಲಿ ಅಂಕ ಸ್ವಲ್ಪ ಕಡಿಮೆ. ನೋಡಲು ನ್ಯಾಯವಾಗಿದೆ, ಎಲ್ಲರಿಗೂ ಸಮಾನ ಪ್ರಶ್ನೆ. ಕೂತು ಆಡಿದವರಿಗೆ ಮಾತ್ರ ಅದರ ಹುಳುಕು ಗೊತ್ತು. ನಿಮ್ಮ ಸರದಿಗೆ ಕಗ್ಗಂಟಿನ ಪ್ರಶ್ನೆ ಬಂದು ಎದುರಿನವರ ಸರದಿಗೆ ಬಾಳೆಹಣ್ಣು ಸುಲಿದಂಥದ್ದು ಬಂದರೆ ಅದು ಹಣೆಬರಹ. ಅದಕ್ಕಿಂತ ದೊಡ್ಡ ಸಮಸ್ಯೆ ಕುರ್ಚಿಯದ್ದು. ದುರ್ಬಲ ತಂಡದ ಪಕ್ಕದಲ್ಲಿ ಕೂತವರಿಗೆ ಪಾಸ್ ಮೇಲೆ ಪಾಸ್ ಬರುತ್ತದೆ. ಬಲಿಷ್ಠ ತಂಡದ ಪಕ್ಕದವರು ಬಾಯಿಮುಚ್ಚಿ ಕೂರಬೇಕು.

ಇದಕ್ಕೆ ಮದ್ದಾಗಿ ಓಪನ್ ಕ್ವಿಜ್‌ಗಳಲ್ಲಿ ಬಳಕೆಗೆ ಬಂದದ್ದು ಇನ್‌ಫೈನೈಟ್ ಬೌನ್ಸ್. ಇದರಲ್ಲಿ ಯಾರಿಗೂ ಸ್ವಂತ ಪ್ರಶ್ನೆ ಅಂತ ಇಲ್ಲ. ಉತ್ತರ ಹೇಳಿದ ತಂಡದ ಮುಂದಿನ ತಂಡದಿಂದ ಹೊಸ ಪ್ರಶ್ನೆ ಶುರು. ಮೊದಲನೆಯ ತಂಡಕ್ಕೆ ಬಂದ ಪ್ರಶ್ನೆಯನ್ನು ನಾಲ್ಕನೆಯ ತಂಡ ಹೇಳಿದರೆ ಮುಂದಿನದು ಐದನೆಯದಕ್ಕೆ ಹೋಗುತ್ತದೆ. ಯಾರೂ ಹೇಳದೆ ಒಂದು ಸುತ್ತು ಬಂದರೆ, ಮೊದಲು ಯಾರಿಗೆ ಕೇಳಿದ್ದರೋ ಅವರಿಗೇ ಮುಂದಿನದು. ಎಲ್ಲಿಂದ ಹೇಳಿದರೂ ಅಂಕ ಒಂದೇ. ಅರ್ಧ ಪ್ರಶ್ನೆಗಳಾದ ಮೇಲೆ ದಿಕ್ಕು ತಿರುಗಿಸಿ ಬಲದಿಂದ ಎಡಕ್ಕೆ ಓಡಿಸುತ್ತಾರೆ, ಕುರ್ಚಿಯ ಲಾಭ ನಷ್ಟ ಆದಷ್ಟು ಸರಿಹೋಗಲಿ ಎಂದು. ಹೊಸಬರು ಎಡವುವುದು ಸರಿಯಾಗಿ ಇಲ್ಲೇ. ದಿಕ್ಕು ಬದಲಾದದ್ದು ಗಮನಿಸದೆ ಸುಮ್ಮನೆ ಕೂತಿರುತ್ತಾರೆ, ಕ್ವಿಜ್‌ಮಾಸ್ಟರ್ ತಮ್ಮ ಕಡೆ ನೋಡುತ್ತಿದ್ದಾನೆ ಅಂತ ಗೊತ್ತಾಗುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಬೌನ್ಸ್ ಬಂದರೂ ಒಂದು ನೋವು ಉಳಿಯಿತು. ಪ್ರಶ್ನೆ ನೋಡಿದ ಕೂಡಲೇ ನಿಮಗೆ ಉತ್ತರ ಗೊತ್ತು, ಆದರೆ ಅದು ನಿಮ್ಮವರೆಗೆ ಬರುವ ಮೊದಲೇ ಇನ್ನೊಬ್ಬರು ಹೇಳಿಬಿಡುತ್ತಾರೆ. ಅದಕ್ಕೆ ಪೌನ್ಸ್ ಸೇರಿಕೊಂಡಿತು. ಪ್ರಶ್ನೆ ಸರದಿಯ ತಂಡಕ್ಕೆ ತೆರೆಯುವ ಮುನ್ನ ಕೆಲವು ಸೆಕೆಂಡು ಬಿಡುತ್ತಾರೆ. ಆ ಹೊತ್ತಿನಲ್ಲಿ ಬೇರೆ ಯಾವ ತಂಡವಾದರೂ ಕೈ ಎತ್ತಿ, ಚೀಟಿಯಲ್ಲಿ ಬರೆದೋ ಕ್ವಿಜ್‌ಮಾಸ್ಟರ್ ಕಿವಿಯಲ್ಲಿ ಹೇಳಿಯೋ ಉತ್ತರ ಕೊಡಬಹುದು. ಸರಿಯಾದರೆ 10, ತಪ್ಪಾದರೆ ಮೈನಸ್ 5 ಎಂಬುದು ಒಂದು ಸಾಮಾನ್ಯ ಲೆಕ್ಕ. ಪೌನ್ಸ್ ಮಾಡಿದವರು ಆ ಪ್ರಶ್ನೆಯ ಬೌನ್ಸ್‌ನಿಂದ ಹೊರಗೆ. ಬೌನ್ಸ್‌ನಲ್ಲಿ ಉತ್ತರ ತಪ್ಪಿದರೆ ಅಂಕ ಕಳೆಯುವುದಿಲ್ಲ.

ಯಾವಾಗ ಪೌನ್ಸ್ ಮಾಡಬೇಕು ಎಂಬುದು ಧೈರ್ಯದ ಪ್ರಶ್ನೆ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಕುರ್ಚಿಯ ಪ್ರಶ್ನೆ. ಅರೆನಂಬಿಕೆಯ 100 ಪ್ರಶ್ನೆಗಳು ಬಂದವು ಅಂತಿಟ್ಟುಕೊಳ್ಳಿ, ಅಂದರೆ ನಿಮ್ಮ ಊಹೆ ಎರಡಕ್ಕೆ ಒಂದು ಸಲ ಸರಿ. ಎಲ್ಲಕ್ಕೂ ಪೌನ್ಸ್ ಮಾಡಿದರೆ 50 ಸರಿಗೆ 500 ಅಂಕ, 50 ತಪ್ಪಿಗೆ 250 ಕಡಿತ, ಕೈಗೆ ಉಳಿಯುವುದು 250. ಈಗ ಕಾಯುವುದನ್ನು ನೋಡಿ. ನೀವು ಸರದಿಯ ತಂಡದ ಪಕ್ಕದಲ್ಲೇ ಇದ್ದೀರಿ, ಅವರು ಐದರಲ್ಲಿ ಒಂದನ್ನು ಮಾತ್ರ ಹೇಳುತ್ತಾರೆ ಎಂದರೆ 80 ಪ್ರಶ್ನೆ ನಿಮ್ಮ ಬಳಿ ಬರುತ್ತವೆ. ಅದರಲ್ಲಿ 40 ಸರಿಯಾದರೆ 400 ಅಂಕ, ದಂಡವಿಲ್ಲ. ಹಾಗಾಗಿ ಕಾಯಬೇಕು. ಅದೇ ನೀವು ತುತ್ತತುದಿಯಲ್ಲಿ ಕೂತಿದ್ದು, ನಿಮಗಿಂತ ಮೊದಲಿನ ಐದು ತಂಡಗಳಲ್ಲಿ ಯಾರಾದರೊಬ್ಬರು 80 ಪ್ರಶ್ನೆಗಳನ್ನು ಕಬಳಿಸಿದರೆ ನಿಮಗೆ ಬರುವುದು 20, ಸಿಗುವುದು 100 ಅಂಕ. ಅಲ್ಲಿಂದ ಪೌನ್ಸ್ ಮಾಡದಿದ್ದರೆ ಮನೆಗೆ ಹೋದಂತೆಯೇ. ಸುಲಭ ಪ್ರಶ್ನೆ ಎಲ್ಲರಿಗೂ ಸುಲಭ, ಆದ್ದರಿಂದ ನಿಜವಾದ ಆಟದಲ್ಲಿ ಲೆಕ್ಕ ಇಷ್ಟು ನೀಟಾಗಿ ಬರುವುದಿಲ್ಲ. ಆದರೂ ನಂಬಿಕೆ ಒಂದೇ ಇದ್ದು ಕುರ್ಚಿ ಬೇರೆಯಾದರೆ ತೀರ್ಮಾನವೂ ಬೇರೆಯಾಗಬೇಕು.

ವೇದಿಕೆಗೆ ಬರುವ ಮೊದಲೇ ಮುಕ್ಕಾಲು ಪಾಲು ಜನ ಉದುರಿಹೋಗಿರುತ್ತಾರೆ ಎಂಬುದನ್ನೂ ಹೇಳಬೇಕು. ಬಂದ ಎಲ್ಲ ತಂಡಗಳಿಗೂ ಲಿಖಿತ ಪ್ರಿಲಿಮ್ಸ್, ಮೇಲಿನ ಆರೋ ಎಂಟೋ ತಂಡಕ್ಕೆ ಫೈನಲ್. ಕೆಲವು ಪ್ರಶ್ನೆಗಳ ಪಕ್ಕ ನಕ್ಷತ್ರದ ಗುರುತು ಇರುತ್ತದೆ. ಅವಕ್ಕೆ ಹೆಚ್ಚು ಅಂಕ ಎಂದು ಹೊಸಬರು ಭಾವಿಸುತ್ತಾರೆ. ಅಂಕ ಅಷ್ಟೇ. ಕೊನೆಯ ಜಾಗಕ್ಕೆ ಎರಡು ತಂಡ ಸಮವಾದಾಗ ಹೆಚ್ಚು ನಕ್ಷತ್ರ ಸರಿ ಮಾಡಿದವರು ಒಳಗೆ, ಇನ್ನೊಬ್ಬರು ಪ್ರೇಕ್ಷಕರ ಸಾಲಿಗೆ. ತಪ್ಪಿಗೆ ಕಡಿತ ಇಲ್ಲದ ಪ್ರಿಲಿಮ್ಸ್‌ನಲ್ಲಿ ನಕ್ಷತ್ರದ ಪ್ರಶ್ನೆ ಖಾಲಿ ಬಿಟ್ಟು ಬಂದು, ಒಂದೇ ನಕ್ಷತ್ರದಲ್ಲಿ ಹೊರಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನೂ ಅವರಲ್ಲೊಬ್ಬ.

ಟಿವಿಯಲ್ಲಿ ಉದುರಿಸುವ ರೀತಿ ಬೇರೆ. ಬ್ರಿಟನ್ನಿನ ವೀಕೆಸ್ಟ್ ಲಿಂಕ್ 2001ರಲ್ಲಿ ಹಿಂದಿಗೆ ಬಂದಾಗ ಸ್ಪರ್ಧಿಗಳೇ ಒಬ್ಬರನ್ನು ಮತ ಹಾಕಿ ಹೊರಹಾಕುತ್ತಿದ್ದರು. ಶುರುವಿನಲ್ಲಿ ದುರ್ಬಲರು ಹೋಗುತ್ತಾರೆ, ಕೊನೆಗೆ ಬರುಬರುತ್ತ ಎಲ್ಲರಿಗಿಂತ ಚೆನ್ನಾಗಿ ಆಡಿದವನನ್ನೇ ಉಳಿದವರು ಸೇರಿ ಕಳಿಸುತ್ತಾರೆ. ಗೊತ್ತಿದ್ದೂ ಸೋಲುವ ಆಟ ಅದು, ನನಗೆ ಹಿಡಿಸಲಿಲ್ಲ.

ಬಜರ್‌ನದ್ದೇ ಬೇರೆ ಕತೆ. ಒಬ್ಬರು ಒತ್ತಿದ ಕೂಡಲೇ ಉಳಿದವರ ಗುಂಡಿ ಸತ್ತುಹೋಗುವ ಹಾಗೆ ಸರ್ಕ್ಯೂಟ್ ಇರುತ್ತದೆ. ಆದ್ದರಿಂದ ಬೇಗ ಒತ್ತಿದವನೇ ಜಾಣ ಎಂದು ತೋರುತ್ತದೆ. ಆ ಆತುರಕ್ಕೆ ಬೆಲೆ ಕಟ್ಟುವುದೇ ಬಜರ್ ನಿಯಮಗಳ ಇತಿಹಾಸ. 1962ರಲ್ಲಿ ಶುರುವಾದ ಬ್ರಿಟನ್ನಿನ ಯೂನಿವರ್ಸಿಟಿ ಚಾಲೆಂಜ್‌ನಲ್ಲಿ ಪ್ರಶ್ನೆಯ ಮಧ್ಯೆ ಒತ್ತಿ ತಪ್ಪು ಹೇಳಿದರೆ 5 ಅಂಕ ಹೋಗುತ್ತದೆ, ಪ್ರಶ್ನೆ ಪೂರ್ತಿಯಾಗಿ ಎದುರಾಳಿಗೆ ಸಿಗುತ್ತದೆ. ಸ್ಟಾರ್ಟರ್ ಎಂಬ ಈ ಬಜರ್ ಪ್ರಶ್ನೆಗೆ ಒತ್ತಿದವನೇ ಹೇಳಬೇಕು, ತಂಡದವರನ್ನು ಕೇಳುವಂತಿಲ್ಲ. ಅಮೆರಿಕದ ಜೆಪರ್ಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1984ರಲ್ಲಿ ಅದು ಮರಳಿ ಬಂದಾಗ ಪ್ರಶ್ನೆ ಓದುತ್ತಿರುವಾಗಲೇ ಒತ್ತಬಹುದಿತ್ತು. ಮರುವರ್ಷದಿಂದ ನಿರೂಪಕ ಓದಿ ಮುಗಿಸುವವರೆಗೆ ಗುಂಡಿ ಕೆಲಸ ಮಾಡುವುದಿಲ್ಲ. ಮುಗಿದ ಮೇಲೆ ಸಿಬ್ಬಂದಿಯೊಬ್ಬರು ಕೈಯಿಂದ ಅದನ್ನು ಚಾಲೂ ಮಾಡುತ್ತಾರೆ. ಅದಕ್ಕಿಂತ ಮುಂಚೆ ಒತ್ತಿದವರ ಗುಂಡಿ ಕಾಲು ಸೆಕೆಂಡು ಲಾಕ್. ಕಾಲು ಸೆಕೆಂಡು ಏನು ಮಹಾ ಅನ್ನಿಸಬಹುದು, ಅಷ್ಟರಲ್ಲಿ ಪಕ್ಕದವನು ಒತ್ತಿ ಮುಗಿಸಿರುತ್ತಾನೆ. ಮನೆಯಲ್ಲಿ ನೋಡುವವರಿಗೆ ಮಾತ್ರ ಆ ಮನುಷ್ಯನಿಗೆ ಉತ್ತರವೇ ಗೊತ್ತಿರಲಿಲ್ಲ ಎನಿಸುತ್ತದೆ.

ಇನ್ನು ಗೆಳೆಯನ ಮೆಚ್ಚಿನ ಆಟ. ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್ 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿತು. 2000ದ ಜುಲೈ 3ರಂದು ಹಿಂದಿಯ ಕೆಬಿಸಿಯಾಯಿತು, 2012ರಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯಲ್ಲಿ ಕನ್ನಡದ ಕೋಟ್ಯಧಿಪತಿ. ಅದಕ್ಕೂ ಹತ್ತು ವರ್ಷ ಮೊದಲೇ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ ಥಟ್ ಅಂತ ಹೇಳಿ ಶುರುವಾಗಿತ್ತು, ಅಲ್ಲಿ ಬಹುಮಾನ ಪುಸ್ತಕ. ಪುಸ್ತಕದ ಆಟದಲ್ಲಿ ಗೊತ್ತಿದ್ದರೆ ಹೇಳಿದರಾಯಿತು. ದುಡ್ಡಿನ ಆಟಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಳ್ಳುತ್ತದೆ, ಆಡಬೇಕೋ ಎದ್ದು ಹೋಗಬೇಕೋ ಎಂಬುದು.

ಕೆಬಿಸಿಯ ಮೊದಲ ಏಣಿಯನ್ನೇ ತೆಗೆದುಕೊಳ್ಳಿ. 15 ಪ್ರಶ್ನೆ, 10,000 ಮತ್ತು 3,20,000ದಲ್ಲಿ ಭದ್ರ ಮೆಟ್ಟಿಲು. 3,20,000 ಗೆದ್ದವರ ಮುಂದಿನ ಪ್ರಶ್ನೆ 6,40,000ದ್ದು. ತಪ್ಪಿದರೂ ಬೀಳುವುದು ನಿಂತ ಮೆಟ್ಟಿಲಿಗೇ, ಒಂದು ರೂಪಾಯಿಯೂ ಹೋಗುವುದಿಲ್ಲ. ಅಲ್ಲಿ ಆಟ ಬಿಡುವುದಕ್ಕೆ ಅರ್ಥವೇ ಇಲ್ಲ, ಕಣ್ಣುಮುಚ್ಚಿ ಒಂದನ್ನು ಹೇಳಿದರೂ ನಷ್ಟವಿಲ್ಲ. ನಿಜವಾದ ಜೂಜು ಅದರ ಮೇಲಿನದು, 12,50,000ದ ಪ್ರಶ್ನೆ. ಗೆದ್ದರೆ 6,10,000 ಹೆಚ್ಚು, ಸೋತರೆ 3,20,000 ಕಡಿಮೆ. ನೂರಕ್ಕೆ ಸುಮಾರು 35 ಸಲ ಸರಿಯಾಗುವ ನಂಬಿಕೆ ಇದ್ದರೆ ಸಾಕು, ಲೆಕ್ಕ ಆಡು ಎನ್ನುತ್ತದೆ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದು ಆರಿಸಿದರೆ ಅದು 25. ಫಿಫ್ಟಿ-ಫಿಫ್ಟಿ ಬಳಸಿದ ಕೂಡಲೇ 50. ಅಂದರೆ ಆ ಲೈಫ್‌ಲೈನ್ ಉತ್ತರ ಹೇಳಿಕೊಡದಿದ್ದರೂ ಬಿಡುವ ಆಟವನ್ನು ಆಡುವ ಆಟ ಮಾಡುತ್ತದೆ. ಅದನ್ನೇ ಮೊದಲ ಐದು ಪ್ರಶ್ನೆಗಳಲ್ಲಿ ಖರ್ಚು ಮಾಡಿದವರ ಬಳಿ ಇಲ್ಲಿ ಏನೂ ಉಳಿದಿರುವುದಿಲ್ಲ. ಸಿನಿಮಾ, ಕ್ರಿಕೆಟ್ಟು, ಅಡುಗೆಯಂಥ ಕೆಳಗಿನ ಪ್ರಶ್ನೆಗಳಿಗೆ ಪ್ರೇಕ್ಷಕರ ಅಭಿಪ್ರಾಯವೇ ಸರಿ. ಮೇಲಿನ ಮೆಟ್ಟಿಲಿನಲ್ಲಿ ಪ್ರೇಕ್ಷಕರಿಗೂ ನಿಮ್ಮಷ್ಟೇ ಗೊತ್ತು.

ಕಾಗದದ ಈ ಲೆಕ್ಕ 50 ಲಕ್ಷ ಕೈಯಲ್ಲಿದ್ದಾಗ ಹಾಗೇ ನಡೆಯುವುದಿಲ್ಲ. ಕೋಟಿಯ ಪ್ರಶ್ನೆಯಲ್ಲಿ ಗೆದ್ದರೆ 50 ಲಕ್ಷ ಲಾಭ, ಸೋತರೆ 46,80,000 ನಷ್ಟ. ಎರಡರಲ್ಲಿ ಒಂದು ಎಂಬ ಊಹೆಗೆ ಲೆಕ್ಕ ಕೂದಲೆಳೆಯಷ್ಟು ಆಡು ಎನ್ನುತ್ತದೆ. ಮನೆ ಸಾಲ ಇರುವವರು ಯಾರೂ ಆಡುವುದಿಲ್ಲ, ನಾನಾದರೂ ಎದ್ದು ಬರುತ್ತೇನೆ.

ಗೆಳೆಯ ಈಗಲೂ ಭಾನುವಾರ ಬರುತ್ತಾನೆ. ಬಾಯಿ ಬಿಡುವುದಿಲ್ಲ. ಒಂದು ಸ್ಕೂಲ್ ನೋಟ್‌ಬುಕ್ ತರುತ್ತಾನೆ, ಬರೆದು ಮೇಜಿನ ಕೆಳಗಿಂದ ನನ್ನ ಕಡೆ ತಳ್ಳುತ್ತಾನೆ. ಅವನ ಕೈಬರಹ ಪಕ್ಕದ ತಂಡಕ್ಕಂತೂ ಅರ್ಥವಾಗುವುದಿಲ್ಲ. ನನಗೂ ಆಗುವುದಿಲ್ಲ.