ಎಳ್ಳಮಾವಾಸ್ಯೆ ಭಜ್ಜಿಗೆ 768 ಕಾಗುಣಿತ

ಕಲಬುರಗಿಯ ನಮ್ಮ ಓಣಿಯಲ್ಲಿ ಅಕ್ಕ ಒಬ್ಬರು ಅಡುಗೆಯ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಒಮ್ಮೆ ಎಳ್ಳಮಾವಾಸ್ಯೆಯ ದಿನ ನಸುಕಿನಲ್ಲಿ ಭಜ್ಜಿ ಕುದಿಸುವುದರಿಂದ ಹಿಡಿದು ಹೊಲದಲ್ಲಿ ಚರಗ ಚೆಲ್ಲುವವರೆಗೆ ಎಲ್ಲವನ್ನೂ ಚಿತ್ರಿಸಿದರು. ಶೀರ್ಷಿಕೆಯನ್ನು ಅವರ ಅಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದುಕೊಟ್ಟ: Ellamavasye Bajji. ಹುಡುಕಿಕೊಂಡು ಬಂದವರು ಬಹಳ ಕಡಿಮೆ. ಬಂದವರಲ್ಲೂ ಒಬ್ಬರು ಕಡಲೆ ಹಿಟ್ಟು ಎಷ್ಟು ಹಾಕಬೇಕೆಂದು ಕೇಳಿದರು, ಇನ್ನೊಬ್ಬರು ಮೆಣಸಿನಕಾಯಿ ಎಲ್ಲಿ ಎಂದರು. ನಮ್ಮ ಭಜ್ಜಿ ಎಣ್ಣೆಯಲ್ಲಿ ಕರಿಯುವ ತಿಂಡಿಯಲ್ಲ. ಹಸಿ ಕಡಲೆ, ಹಸಿ ತೊಗರಿ, ಅವರೆ, ಮೆಂತ್ಯ, ಕೈಗೆ ಸಿಕ್ಕ ಸೊಪ್ಪು, ತರಕಾರಿಗಳನ್ನೆಲ್ಲ ಕೂಡಿಸಿ ಕುದಿಸುವ ಪಲ್ಯ ಅದು.

“ತಮ್ಮಾ, ಇದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯುವುದು ಹೇಗೆ, ನೀನೇ ಹೇಳು” ಎಂದು ಅಕ್ಕ ಕೇಳಿದರು.

ಈ ‘ಸರಿಯಾಗಿ’ ಎಂಬ ಮಾತನ್ನೇ ಮೊದಲು ಬದಿಗಿಡಬೇಕು. ಕನ್ನಡವನ್ನು ರೋಮನ್ ಲಿಪಿಯಲ್ಲಿ ತಪ್ಪಿಲ್ಲದೆ ಬರೆಯುವ ಪದ್ಧತಿಗಳಿಗೆ ಕೊರತೆಯಿಲ್ಲ. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲೇ ಅಂಥದೊಂದು ಪದ್ಧತಿ ಇದೆ. 2001ರಲ್ಲಿ ಬಂದ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹಬ್ಬದ ಹೆಸರು eḷḷamāvāsye ಎಂದಾಗುತ್ತದೆ. ಪುಸ್ತಕಕ್ಕೆ ಇದು ಬಹಳ ಚೆಂದ. ಆದರೆ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಹುಡುಕುವವರು ಯಾರೂ ಅಕ್ಷರದ ಕೆಳಗೆ ಚುಕ್ಕಿ, ಮೇಲೆ ಗೆರೆ ಹಾಕುವುದಿಲ್ಲ. ಬರಹ ತಂತ್ರಾಂಶದ ರೂಢಿ ಇರುವವರು eLLamAvAsye ಎಂದು ದೊಡ್ಡಕ್ಷರ ಬೆರೆಸಿ ಹೊಡೆಯಬಹುದು. ಹುಡುಕುಯಂತ್ರ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಭೇದ ಮಾಡುವುದಿಲ್ಲವಾದ್ದರಿಂದ ಅಷ್ಟು ಜತನದಿಂದ ಕಾಪಾಡಿದ ಳಕಾರ ಒಳಗೆ ಹೋಗುತ್ತಲೇ ಲಕಾರವಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಜನ ಇದನ್ನು ಹೇಗೆ ಹೇಗೆ ಹೊಡೆಯುತ್ತಾರೆ, ಅದರಲ್ಲಿ ಯಾವ ರೂಪ ಇಟ್ಟರೆ ಉಳಿದ ರೂಪಗಳವರೂ ನಮ್ಮಲ್ಲಿಗೆ ಬಂದು ಸೇರುತ್ತಾರೆ?

ಹೊಲದ ಹಾದಿಯಲ್ಲಿ ನಡೆಯುವಾಗ ಕವಲು ಬರುತ್ತದಲ್ಲ, ಹಾಗೆ ಪದದೊಳಗೂ ಕವಲುಗಳಿವೆ. ಎಳ್ಳು ಎನ್ನುವಾಗ ನಮ್ಮ ನಾಲಿಗೆ ಯಕಾರದ ಸುಳಿವಿನಿಂದಲೇ ಹೊರಡುತ್ತದೆ. ಕಿವಿಯನ್ನು ನಂಬಿದವರು yellu, ಅಕ್ಷರವನ್ನು ನಂಬಿದವರು ellu ಎಂದು ಬರೆಯುತ್ತಾರೆ. ಒತ್ತಕ್ಷರವನ್ನು ಕೆಲವರು ll ಎಂದು, ಅವಸರದವರು ಒಂದೇ l ಎಂದು ಹೊಡೆಯುತ್ತಾರೆ. ಅಲ್ಲಿಗೆ ಎರಡೆರಡಲ ನಾಲ್ಕು. ಅಮಾವಾಸ್ಯೆಯಲ್ಲಿ ಮಾ ಎಂಬುದು ma ಅಥವಾ maa. ವಾ ಎಂಬುದಕ್ಕೆ va, vaa, wa, waa ಎಂದು ನಾಲ್ಕು ರೂಪ. ಕೊನೆಯ ಸ್ಯೆ ಎಂಬುದು ಕನ್ನಡದ ಕಿವಿಗೆ sye, ಹಿಂದಿ ಪಂಚಾಂಗದ ರೂಢಿಗೆ sya, ಆಡುಮಾತಿಗೆ se. ಎರಡು, ನಾಲ್ಕು, ಮೂರನ್ನು ಗುಣಿಸಿದರೆ 24. ಎಳ್ಳಿನ ನಾಲ್ಕು ರೂಪಗಳೊಂದಿಗೆ ಗುಣಿಸಿದರೆ 96. ಎರಡು ಪದಗಳನ್ನು ಕೂಡಿಸಿ ಬರೆಯುವವರೂ ಬಿಡಿಸಿ ಬರೆಯುವವರೂ ಇರುವುದರಿಂದ 192. ಭಜ್ಜಿಗೆ b ಅಥವಾ bh, jj ಅಥವಾ j ಎಂದು ಮತ್ತೆ ನಾಲ್ಕು ರೂಪ. ಒಟ್ಟು 768. ಇದರಲ್ಲಿ ಬಹುಪಾಲನ್ನು ಯಾರೂ ಹೊಡೆಯುವುದಿಲ್ಲ, ನಿಜ. ಆದರೆ ಮೂರೇ ಪದಗಳಿಗೆ ಕವಲು ಹೇಗೆ ಬೆಳೆಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಈ ಕವಲುಗಳಿಗೆ ಊರಿನ ಇತಿಹಾಸವೂ ಅಂಟಿಕೊಂಡಿದೆ. ಬೆಂಗಳೂರು, ಮೈಸೂರು ಕಡೆಯವರು ತಕಾರಕ್ಕೆ th ಬರೆದು t ಎಂಬುದನ್ನು ಟಕಾರಕ್ಕೆ ಮೀಸಲಿಡುತ್ತಾರೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದಲ್ಲಿ ಉರ್ದು, ಮರಾಠಿ, ಹಿಂದಿಗಳ ಬಳಕೆ ಹೆಚ್ಚು. ಇಲ್ಲಿ ಎರಡಕ್ಕೂ t ನಡೆಯುತ್ತದೆ. ಅಲ್ಲಿನ Savitha ಇಲ್ಲಿ Savita. ಊರಿನ ಹೆಸರೇ ನೋಡಿ: 2014ರ ನವೆಂಬರ್ 1ರಿಂದ ಅಧಿಕೃತವಾಗಿ Kalaburagi. ಆದರೆ 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದ್ದು Gulbarga Tur Dal ಎಂಬ ಹೆಸರಿನಲ್ಲಿ. ಇವೆರಡರ ಬಗ್ಗೆ ಚಿಂತೆ ಬೇಡ. ಎರಡೂ ಒಂದೇ ಊರೆಂದು ದೊಡ್ಡ ಹುಡುಕುಯಂತ್ರಗಳು ಯಾವಾಗಲೋ ಕಲಿತಿವೆ. ಕಷ್ಟ ಇರುವುದು ಲಕ್ಷಾಂತರ ಜನ ಹುಡುಕದ, ನಮ್ಮ ಎರಡು ಮೂರು ಜಿಲ್ಲೆಗಳಲ್ಲೇ ಓಡಾಡುವ ಪದಗಳಿಗೆ.

ಏಕೆಂದರೆ ಯಂತ್ರಕ್ಕೆ ಭಜ್ಜಿಯ ರುಚಿ ಗೊತ್ತಿಲ್ಲ. ಅದು ಎರಡು ದಾರಿಯಲ್ಲಿ ಪದಗಳನ್ನು ಹತ್ತಿರ ತರುತ್ತದೆ. ಮೊದಲನೆಯದು ಅಕ್ಷರಗಳ ನಡುವಿನ ದೂರ. ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ವಿವರಿಸಿದ ಅಳತೆ ಇದು: ಒಂದು ಪದವನ್ನು ಇನ್ನೊಂದನ್ನಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಕನಿಷ್ಠ ಲೆಕ್ಕ. ಬಾಗಿಲ ತೋರಣದಲ್ಲಿ ಒಂದು ಎಲೆ ಕಿತ್ತು, ಇನ್ನೊಂದು ಪೋಣಿಸಿ, ಪಕ್ಕದ ಮನೆಯ ತೋರಣದಂತೆ ಮಾಡಲು ಎಷ್ಟು ಸಲ ಕೈ ಹಾಕಬೇಕೆಂದು ಎಣಿಸಿದಂತೆ. ellu, yellu ನಡುವೆ ದೂರ ಒಂದು. ellamavasye ಎಂಬುದನ್ನು yellu amavasya ಮಾಡಲು ಮೊದಲಲ್ಲಿ y, ನಡುವೆ u, ಒಂದು ಖಾಲಿ ಜಾಗ ಸೇರಿಸಿ ಕೊನೆಯ e ತೆಗೆದು a ಇಡಬೇಕು. ದೂರ ನಾಲ್ಕು. ಲೂಸೀನ್ ಎಂಬ ಪ್ರಸಿದ್ಧ ಹುಡುಕು ತಂತ್ರಾಂಶ ಇಂಥ ಸಡಿಲ ಹೊಂದಾಣಿಕೆಯಲ್ಲಿ ಎರಡಕ್ಕಿಂತ ಹೆಚ್ಚಿನ ದೂರವನ್ನು ಒಪ್ಪುವುದೇ ಇಲ್ಲ. ಇನ್ನು bhajji, bajji ನಡುವೆ ದೂರ ಕೇವಲ ಒಂದು. ಒಂದೇ ಹಬ್ಬದ ಎರಡು ರೂಪಗಳು ಯಂತ್ರಕ್ಕೆ ನಾಲ್ಕು ಹೆಜ್ಜೆ ದೂರ, ಸೊಪ್ಪಿನ ಪಲ್ಯವೂ ಮೆಣಸಿನಕಾಯಿ ಬಜ್ಜಿಯೂ ಒಂದೇ ಹೆಜ್ಜೆ! ಅಕ್ಕನ ವಿಡಿಯೊಗೆ ಆದದ್ದು ಇದೇ.

ಎರಡನೆಯ ದಾರಿ ಜನರ ನಡೆಯಿಂದ ಕಲಿಯುವುದು. ಒಂದು ರೂಪ ಹೊಡೆದವರು ಏನೂ ಒತ್ತದೆ, ಕೂಡಲೇ ಇನ್ನೊಂದು ರೂಪ ಹೊಡೆದು ಅಲ್ಲಿ ಸಿಕ್ಕಿದ್ದನ್ನು ತೆರೆದರೆ, ಈ ಎರಡು ರೂಪಗಳಿಗೆ ನಂಟಿದೆ ಎಂಬ ಸುಳಿವು ಯಂತ್ರಕ್ಕೆ ಸಿಗುತ್ತದೆ. ಜನ ನಡೆದು ನಡೆದು ಹೊಲದಲ್ಲಿ ಕಾಲುದಾರಿ ಬೀಳುವ ಹಾಗೆ. ನಡೆಯುವವರು ಕಡಿಮೆ ಇದ್ದಲ್ಲಿ ದಾರಿ ಬೀಳುವುದಿಲ್ಲ. amavasya ಎಂಬ ಪದಕ್ಕೆ ಇಡೀ ದೇಶದ ಹೆಜ್ಜೆಗಳಿವೆ. ಒಂದೇ ಪದವಾಗಿ ಕೂಡಿಸಿ ಬರೆದ ellamavasyeಗೆ ಅಷ್ಟಿಲ್ಲ.

ಇಷ್ಟು ತಿಳಿದರೆ ಯಾವ ಕವಲಿಗೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿಯಾಗುತ್ತದೆ. ellu ಸರಿಯೋ yellu ಸರಿಯೋ ಎಂದು ಜಗಳವಾಡುವುದು ವ್ಯರ್ಥ. ಒಂದು ಅಕ್ಷರದ ದೂರವನ್ನು ಯಂತ್ರ ತಾನೇ ದಾಟಿಕೊಳ್ಳಬಲ್ಲದು. ella ಮಾತ್ರ ಬೇಡ, ಅದು ಎಲ್ಲ ಎಂಬ ಪದವೂ ಆಗುತ್ತದೆ, ಇಂಗ್ಲಿಷಿನಲ್ಲಿ ಹೆಣ್ಣುಮಕ್ಕಳ ಹೆಸರೂ ಆಗುತ್ತದೆ. ಮುಖ್ಯವಾದದ್ದು ಬಿಡಿಸಿ ಬರೆಯುವುದು. ಸಂಧಿ ಕನ್ನಡ ಲಿಪಿಯಲ್ಲಿ ಇರಲಿ, ರೋಮನ್ ಲಿಪಿಯಲ್ಲಿ ಪದ ಒಡೆಯಲಿ. ಹುಡುಕುಯಂತ್ರದ ಸೂಚಿ ಪದಗಳ ಮೇಲೆ ಕಟ್ಟಿದ್ದು. ಒಡೆದು ಬರೆದರೆ amavasya ಎಂಬ ಪರಿಚಿತ ಪದ ಅದಕ್ಕೆ ಬಿಡಿಯಾಗಿ ಸಿಗುತ್ತದೆ.

ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್ ಅನ್ನು ಅಕ್ಕ ಮತ್ತು ನಾನು ತೆರೆದು ಕುಳಿತೆವು. ಅಲ್ಲಿ ಐದು ರೂಪಗಳನ್ನು ಒಟ್ಟಿಗೆ ಹೋಲಿಸಬಹುದು, ಕರ್ನಾಟಕಕ್ಕೆ ಸೀಮಿತಗೊಳಿಸಬಹುದು. ಅದು ಕೊಡುವುದು ಎಷ್ಟು ಜನ ಎಂಬ ಲೆಕ್ಕವನ್ನಲ್ಲ, ಅತಿ ಹೆಚ್ಚಿನದಕ್ಕೆ 100 ಕೊಟ್ಟು ಉಳಿದುದನ್ನು ಅದಕ್ಕೆ ಹೋಲಿಸಿದ ಅಂಕಿಯನ್ನು. ಒಂದು ಕಾಗುಣಿತದಡಿ ಬೇರೆ ಕಾಗುಣಿತವನ್ನು ಸೇರಿಸುವುದಿಲ್ಲ. ನಮಗೆ ಬೇಕಾದದ್ದೂ ಅದೇ. ಹುಡುಕಿದವರು ತೀರಾ ಕಡಿಮೆ ಇದ್ದರೆ ಸೊನ್ನೆ ತೋರಿಸುತ್ತದೆ, ಹಾಗೆಂದು ಯಾರೂ ಹುಡುಕಿಲ್ಲವೆಂದಲ್ಲ. ಹಬ್ಬದ ಪದವಾದ್ದರಿಂದ ಡಿಸೆಂಬರ್ ಮತ್ತು ಜನವರಿಯ ಶಿಖರಗಳನ್ನೇ ವರ್ಷದಿಂದ ವರ್ಷಕ್ಕೆ ಹೋಲಿಸಬೇಕು. ಬೇಸಿಗೆಯ ಅಂಕಿಗಳನ್ನು ನೋಡಿ ತೀರ್ಮಾನಿಸಿದರೆ ಒಣಗಿದ ಹಳ್ಳ ನೋಡಿ ಮಳೆಗಾಲದ ಅಗಲ ಹೇಳಿದಂತಾಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಎತ್ತರದ ಗೆರೆ ಕಂಡ ಕೂಡಲೇ ಅದನ್ನೇ ಆರಿಸುತ್ತಾರೆ. ಅದಕ್ಕೆ ಮೊದಲು ಆ ರೂಪವನ್ನು ಹುಡುಕುಪಟ್ಟಿಯಲ್ಲಿ ಹೊಡೆದು ಏನು ಬರುತ್ತದೆಂದು ಕಣ್ಣಾರೆ ನೋಡಬೇಕು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನೋಡಿದರೆ ಒಳ್ಳೆಯದು, ಇಲ್ಲದಿದ್ದರೆ ನಮ್ಮ ಹಳೆಯ ಹುಡುಕಾಟವೇ ಉತ್ತರವನ್ನು ಬಾಗಿಸುತ್ತದೆ. bhajji ಎಂದು ಹೊಡೆದರೆ ಹಿಂದಿ, ಮರಾಠಿಗಳ ಕರಿದ ತಿಂಡಿ ಬರುತ್ತದೆ, ಕ್ರಿಕೆಟಿಗ ಹರ್ಭಜನ್ ಸಿಂಗ್ ಕೂಡ ಬರುತ್ತಾರೆ. ಅವರ ಅಡ್ಡಹೆಸರೂ ಅದೇ. ಹಾಗಾಗಿ h ಸೇರಿಸಿದರಷ್ಟೇ ಸಾಲದು. ಪದಕ್ಕೆ ಗುರುತು ಹೇಳುವ ನೆರೆಯವರು ಬೇಕು. ಕರಿದ ಬಜ್ಜಿಯನ್ನು ಸಜ್ಜೆ ರೊಟ್ಟಿಯೊಂದಿಗೆ ಯಾರೂ ಉಣ್ಣುವುದಿಲ್ಲ. ಕೊನೆಗೆ ಶೀರ್ಷಿಕೆ ಹೀಗಾಯಿತು:

ಎಳ್ಳಮಾವಾಸ್ಯೆ ಭಜ್ಜಿ, ಸಜ್ಜೆ ರೊಟ್ಟಿ | Yellu Amavasya Bhajji, Sajje Rotti

ಕನ್ನಡ ಲಿಪಿ ಮೊದಲು, ಏಕೆಂದರೆ ಕನ್ನಡದಲ್ಲಿ ಮಾತಾಡಿ ಹುಡುಕುವವರ ಪ್ರಶ್ನೆ ಕನ್ನಡ ಅಕ್ಷರಗಳಾಗಿಯೇ ಹೋಗುತ್ತದೆ. ಅಲ್ಲಿ ಳಕಾರ, ಭಕಾರಗಳ ಗೊಂದಲವೇ ಇಲ್ಲ. ಜಾಗದ ಲೆಕ್ಕವನ್ನೂ ನೋಡಬೇಕು. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿ. ಎಳ್ಳಮಾವಾಸ್ಯೆ ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗಳೂ ಒತ್ತುಗಳೂ ಬೇರೆ ಬೇರೆ ಸಂಕೇತಗಳಾದ್ದರಿಂದ ಅದು 12 ಆಗುತ್ತದೆ. ಇಡೀ ಶೀರ್ಷಿಕೆ 69ರಲ್ಲಿ ಮುಗಿಯಿತು.

ಅಳಿಯ ಒಪ್ಪಲಿಲ್ಲ. ಎಲ್ಲ ಕಾಗುಣಿತಗಳನ್ನೂ ವಿವರಣೆಯಲ್ಲಿ ಸಾಲಾಗಿ ತುಂಬಿಬಿಡೋಣ ಎಂದ. ಇದು ಅಂಗಡಿಯ ಹೆಸರಿಗೆ ಸಂಖ್ಯಾಶಾಸ್ತ್ರದವರ ಮಾತು ಕೇಳಿ ಇನ್ನೊಂದು a ಸೇರಿಸುವಂಥದೇ ನಂಬಿಕೆ, ನನಗೆ ಇದನ್ನು ಕಂಡರೆ ಸಂಕಟವಾಗುತ್ತದೆ. ಹಾಗೆ ಅಕ್ಷರ ಸೇರಿಸಿದ ಅಂಗಡಿ ತನ್ನನ್ನು ಹುಡುಕುವವರಿಂದ ತಾನೇ ಒಂದು ಹೆಜ್ಜೆ ದೂರ ಹೋಗುತ್ತದೆ. ವಿವರಣೆಯಲ್ಲಿ ಪದಗಳ ರಾಶಿ ಸುರಿಯುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ. ಜನ ತಪ್ಪಾಗಿ ಹೊಡೆಯುವ ರೂಪಗಳಿಗೆಂದು ಟ್ಯಾಗ್ ಎಂಬ ಜಾಗವಿದೆ. ಉಳಿದಂತೆ ಟ್ಯಾಗಿನ ಪ್ರಭಾವ ಅಲ್ಪ ಎಂದು ಯೂಟ್ಯೂಬೇ ಹೇಳುತ್ತದೆ. ನಾಲ್ಕೈದು ರೂಪಗಳನ್ನು ಅಲ್ಲಿ ಹಾಕಿದೆವು.

ಮುಂದಿನ ಹಬ್ಬ ಕಳೆದ ಮೇಲೆ, ಜನ ಏನು ಹೊಡೆದು ಈ ವಿಡಿಯೊಗೆ ಬಂದರೆಂಬ ಪಟ್ಟಿಯನ್ನು ಅಕ್ಕ ತೆರೆದು ತೋರಿಸಿದರು. ನಮ್ಮ ಬಸ್ಸು ಹತ್ತಿದವರ ಪಟ್ಟಿ ಅದು, ನಿಲ್ದಾಣದಲ್ಲೇ ಉಳಿದವರ ಹೆಸರು ಅದರಲ್ಲಿ ಇರುವುದಿಲ್ಲ ಎಂದು ನಾನು ಎಚ್ಚರಿಸಿದೆ. ಅಕ್ಕ ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟರು: yella amasi bhaji. ನಮ್ಮ 768ರಲ್ಲಿ ಅದು ಇರಲೇ ಇಲ್ಲ.

“ನಮ್ಮ ಅವ್ವ ಹೀಗೆಯೇ ಅನ್ನುತ್ತಿದ್ದಳು” ಎಂದರು. ವಿವರಣೆಯ ಮೊದಲ ವಾಕ್ಯದಲ್ಲಿ, ನಮ್ಮ ಕಡೆ ಈ ಹಬ್ಬಕ್ಕೆ ಎಳ್ಳ ಅಮಾಸಿ ಎನ್ನುತ್ತಾರೆ ಎಂದು ಎರಡೂ ಲಿಪಿಗಳಲ್ಲಿ ಬರೆದು ಸೇರಿಸಿದೆವು.