ಸ್ಥಿರ ಪದ ಬೇಕಿದ್ದರೆ ಮೊದಲು x ನೋಡಿ, ಸಂಖ್ಯೆ ಆಮೇಲೆ

(2x − 1/x²)⁹ ಇದರ ವಿಸ್ತರಣೆಯಲ್ಲಿ ಸ್ಥಿರ ಪದ ಎಷ್ಟು? ಅಂದರೆ x ಪೂರ್ತಿ ಹೊರಟುಹೋಗಿ ಬರೀ ಸಂಖ್ಯೆಯಾಗಿ ಉಳಿಯುವ ಪದ ಯಾವುದು? ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ದ್ವಿಪದ ಪ್ರಮೇಯದ ಪಾಠಕ್ಕೆ ಬಂದಾಗಲೆಲ್ಲ ಈ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಎನ್‌ಸಿಇಆರ್‌ಟಿ ಪುಸ್ತಕದಿಂದ ಸಾಮಾನ್ಯ ಪದದ ಭಾಗವನ್ನು ಕೈಬಿಟ್ಟಿದ್ದಾರೆ. ಜೆಇಇ ಮೇನ್ ಪಠ್ಯಕ್ರಮದಲ್ಲಿ ಮಾತ್ರ ಅದು ಹಾಗೇ ಇದೆ. ಹಾಗಾಗಿ ಪುಸ್ತಕ ಮಾತ್ರ ಓದಿದವರಿಗೆ ಇದು ಹೊಸದಾಗಿ ಕಾಣುತ್ತದೆ.

ಪುಸ್ತಕದಲ್ಲಿ ಉಳಿದಿರುವ ದಾರಿ ಅಂದರೆ ಪೂರ್ತಿ ಬಿಡಿಸುವುದು. ಒಬ್ಬ ಹುಡುಗ ಹಾಗೇ ಮಾಡಿದ. ಪಾಸ್ಕಲ್ ತ್ರಿಕೋನದ ಸಾಲನ್ನು 1, 9, 36, 84, 126 ಅಂತ ಬರೆದುಕೊಂಡು, ಒಂದೊಂದೇ ಪದ ಬಿಡಿಸುತ್ತಾ ಪುಟದ ತುದಿ ಮುಟ್ಟಿದ. ಒಟ್ಟು ಹತ್ತು ಪದ. ಬೇಕಾಗಿದ್ದದ್ದು ಒಂದು. "ಅಲ್ಲ ಮಾರಾಯ, ಉಳಿದ ಒಂಬತ್ತು ಏನು ಮಾಡ್ತೀಯ?" ಅಂದೆ. "ಯಾವ್ದು ಬೇಕು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ ಸರ್?" ಅಂದ. ಸರಿಯಾದ ಪ್ರಶ್ನೆ. ಇಡೀ ವಿಷಯ ಇರುವುದೇ ಅಲ್ಲಿ.

ಸೂತ್ರ ಬರೆಯುವ ಮೊದಲು ಆವರಣವನ್ನೇ ಸ್ವಲ್ಪ ನೋಡೋಣ. ಒಂದೇ ಥರದ ಒಂಬತ್ತು ಆವರಣಗಳನ್ನು ಗುಣಿಸುತ್ತಿದ್ದೇವೆ. ಪ್ರತಿ ಆವರಣದಿಂದ 2x ಅಥವಾ −1/x², ಎರಡರಲ್ಲಿ ಒಂದನ್ನು ತೆಗೆದುಕೊಳ್ಳಬೇಕು. ಒಂದು −1/x² ತೆಗೆದುಕೊಂಡರೆ ಅದು ಎರಡು x ಹೊಡೆದುಹಾಕುತ್ತದೆ. ಹಾಗಾದರೆ x ಉಳಿಯಬಾರದು ಅಂದರೆ, ಪ್ರತಿ −1/x² ಜೊತೆಗೆ ಎರಡು 2x ಇರಬೇಕು. ಒಂಬತ್ತನ್ನು ಎರಡಕ್ಕೆ ಒಂದರಂತೆ ಹಂಚಿದರೆ ಆರು ಆವರಣಗಳಿಂದ 2x, ಮೂರರಿಂದ −1/x². ಬೇರೆ ಯಾವ ರೀತಿ ಆರಿಸಿದರೂ x ಉಳಿದೇ ಉಳಿಯುತ್ತದೆ. ಆ ಮೂರು ಆವರಣ ಯಾವುವು ಅನ್ನುವುದನ್ನು C(9,3) = 84 ರೀತಿಯಲ್ಲಿ ಆರಿಸಬಹುದು. ಅಷ್ಟೇ.

ಇದನ್ನೇ ಸಾಮಾನ್ಯ ಪದದ ಸೂತ್ರ ಹೀಗೆ ಹೇಳುತ್ತದೆ, r ಅಂದರೆ −1/x² ತೆಗೆದುಕೊಂಡ ಆವರಣಗಳ ಸಂಖ್ಯೆ:

T₍ᵣ₊₁₎ = C(9,r) · (2x)⁹⁻ʳ · (−1/x²)ʳ

ಇಲ್ಲಿ ಸಂಖ್ಯೆಗಳನ್ನೆಲ್ಲ ಮರೆತು x ಮಾತ್ರ ನೋಡಿ. ಮೊದಲ ಭಾಗದಿಂದ 9 − r, ಎರಡನೆಯದರಿಂದ −2r. ಒಟ್ಟು ಘಾತ 9 − 3r. ಅದು ಸೊನ್ನೆ ಆಗಬೇಕು, ಆದ್ದರಿಂದ r = 3. ಇದಾದ ಮೇಲೆ ಮಾತ್ರ ಸಂಖ್ಯೆಗೆ ಕೈ ಹಾಕಿ: 84 × 2⁶ × (−1)³ = 84 × 64 × (−1) = −5376.

ತಪ್ಪಾಗುವುದು ಹೆಚ್ಚಾಗಿ ಈ ಕೊನೆಯ ಸಾಲಿನಲ್ಲೇ. (2x)⁶ ಬರೆಯುವಾಗ ಆವರಣ ಬಿಟ್ಟು 2x⁶ ಅಂತ ಬರೆದರೆ ಘಾತ x ಮೇಲೆ ಮಾತ್ರ ಕೂರುತ್ತದೆ, 64 ಬರಬೇಕಾದಲ್ಲಿ 2 ಬರುತ್ತದೆ, ಉತ್ತರ −168 ಆಗುತ್ತದೆ. ಇನ್ನೊಂದು, ಮೈನಸ್ ಚಿಹ್ನೆಯನ್ನೇ ಮರೆತುಬಿಡುವುದು. ಅದು ಎರಡನೇ ಪದದ ಭಾಗ, ಅದರ ಮೇಲೂ r ಘಾತ ಇದೆ. r ಸಮಸಂಖ್ಯೆ ಆಗಿದ್ದರೆ ಮರೆತರೂ ಉತ್ತರ ಸರಿ ಬಂದುಬಿಡುತ್ತದೆ, ಅದಕ್ಕೇ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ಇಲ್ಲಿ r ಬೆಸ, ಮರೆತರೆ 5376 ಬರುತ್ತದೆ. ನಾನು ಈ ಲೆಕ್ಕವನ್ನೇ ಆರಿಸಿಕೊಳ್ಳುವುದು ಅದಕ್ಕಾಗಿ.

ಎಷ್ಟನೇ ಪದ ಅಂತ ಕೇಳಿದರೆ ಮೂರನೆಯದು ಅನ್ನಬೇಡಿ. r ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಇದು ನಾಲ್ಕನೆಯದು. ಅನುಮಾನ ಇದ್ದರೆ ಘಾತಗಳನ್ನು ಸಾಲಾಗಿ ಬರೆದು ನೋಡಿ: 9, 6, 3, 0. ನಾಲ್ಕನೇ ಜಾಗದಲ್ಲಿ ಸೊನ್ನೆ, ಅಲ್ವಾ? ಕೆಲವರು −1/x² ಮೊದಲು ಬರೆದು, 2x ಆಮೇಲೆ ಇಟ್ಟು r = 6 ತರುತ್ತಾರೆ. ಬೆಲೆ ಅದೇ −5376, ಯಾಕೆಂದರೆ C(9,6) ಮತ್ತು C(9,3) ಒಂದೇ. ಆದರೆ ಪದದ ಸ್ಥಾನ ಏಳು ಆಗಿಬಿಡುತ್ತದೆ. ಸ್ಥಾನ ಕೇಳಿದ್ದರೆ ಪ್ರಶ್ನೆಯಲ್ಲಿ ಕೊಟ್ಟ ಕ್ರಮವನ್ನು ಬದಲಿಸಬೇಡಿ.

ಈಗ 9ರ ಬದಲು 10 ಇಡಿ. 10 − 3r = 0 ಅಂದರೆ r = 10/3. ಇಲ್ಲಿ ತುಂಬಾ ಜನ ಗಾಬರಿಯಾಗಿ r = 3 ಅಂತ ಮಾಡಿಕೊಂಡು ಮುಂದೆ ಹೋಗುತ್ತಾರೆ. ಬೇಡ. ಘಾತಗಳು 10, 7, 4, 1, −2 ಅಂತ ಇಳಿಯುತ್ತವೆ, ಸೊನ್ನೆಯನ್ನು ಮುಟ್ಟದೆ ದಾಟಿಬಿಡುತ್ತವೆ. ಹತ್ತು ಆವರಣಗಳನ್ನು ಎರಡಕ್ಕೆ ಒಂದರಂತೆ ಹಂಚೋಕೆ ಆಗಲ್ಲ. ಸ್ಥಿರ ಪದ ಇಲ್ಲ, ಬೆಲೆ ಕೇಳಿದರೆ 0. ಇದು ಪೂರ್ತಿ ಉತ್ತರವೇ, ಎಲ್ಲೋ ತಪ್ಪಾಗಿದೆ ಅಂತ ಅಳಿಸಬೇಕಾಗಿಲ್ಲ. r ಪೂರ್ಣಾಂಕ ಬಂದರೂ ಅದು 0 ಮತ್ತು n ನಡುವೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಪರೀಕ್ಷೆಯಲ್ಲಿ ಲೆಕ್ಕ ಬಿಗಿ ಮಾಡಬೇಕಾದಾಗ ಮುಂದೆ ಇನ್ನೊಂದು ಆವರಣ ಸೇರಿಸುತ್ತಾರೆ: (1 + x + x³)(2x − 1/x²)⁹. ನೋಡಲು ಭಯ, ಮಾಡಲು ಸುಲಭ. ಮೊದಲ ಆವರಣದ ಒಂದೊಂದು ಪದಕ್ಕೂ ಅದರ x ಹೊಡೆದುಹಾಕುವ ಜೋಡಿ ಎರಡನೇ ಆವರಣದಲ್ಲಿ ಸಿಗುತ್ತದೆಯಾ ಅಂತ ಹುಡುಕಬೇಕು. 1ಕ್ಕೆ ಬೇಕಾದದ್ದು ಆಗಲೇ ಸಿಕ್ಕ ಸ್ಥಿರ ಪದ, −5376. xಗೆ x⁻¹ ಬೇಕು: 9 − 3r = −1, r ಪೂರ್ಣಾಂಕ ಬರುವುದಿಲ್ಲ, ಆದ್ದರಿಂದ ಅದರಿಂದ ಏನೂ ಬರುವುದಿಲ್ಲ. x³ಗೆ x⁻³ ಬೇಕು: 9 − 3r = −3, r = 4. ಅದರ ಸಹಗುಣಕ C(9,4) × 2⁵ × (−1)⁴ = 126 × 32 = 4032. ಕೂಡಿದರೆ −5376 + 4032 = −1344. ಮಕ್ಕಳು ಸಾಮಾನ್ಯವಾಗಿ −5376ಕ್ಕೇ ನಿಲ್ಲಿಸಿಬಿಡುತ್ತಾರೆ, ಯಾಕೆಂದರೆ ಸ್ಥಿರ ಪದ ಸಿಕ್ಕಿತು ಅನ್ನಿಸುತ್ತದೆ. ಸಿಕ್ಕಿದ್ದು ಎರಡನೇ ಆವರಣದ್ದು ಮಾತ್ರ. ಗುಣಲಬ್ಧದ್ದು ಇನ್ನೂ ಬಾಕಿ.

ಸ್ಥಿರ ಪದವನ್ನೇ ಕೊಟ್ಟು ಒಳಗಿನ ಸಂಖ್ಯೆಯನ್ನು ಕೇಳುವುದೂ ಇದೆ. (2x − k/x²)⁹ರಲ್ಲಿ ಸ್ಥಿರ ಪದ −145152 ಅಂತಿಟ್ಟುಕೊಳ್ಳಿ, k ಎಷ್ಟು? x ಕಡೆ ಏನೂ ಬದಲಾಗಿಲ್ಲ, ಹಾಗಾಗಿ r = 3 ಹಾಗೇ ಇರುತ್ತದೆ. −5376 k³ = −145152, k³ = 27, k = 3. ವಾಸ್ತವ ಸಂಖ್ಯೆಗಳಲ್ಲಿ ಒಂದೇ ಉತ್ತರ. ಆದರೆ (x + k/x)⁴ರಲ್ಲಿ ಸ್ಥಿರ ಪದ 24 ಅಂತ ಕೊಟ್ಟರೆ, r = 2, ಆದ್ದರಿಂದ 6k² = 24, k = 2 ಅಥವಾ −2. k ಧನಾತ್ಮಕ ಅಂತ ಪ್ರಶ್ನೆಯಲ್ಲಿ ಹೇಳಿಲ್ಲದಿದ್ದರೆ ಎರಡನ್ನೂ ಬರೆಯಬೇಕು.