ಜೂನ್‌ಗೆ ಮುಂಚೆ ಉದ್ರಿ ಪುಸ್ತಕ ತೆಗೆಯಿರಿ: ಮಲೆನಾಡಿನ ಅಂಗಡಿಗಳಿಗೆ ಒಂದು ಉಚಿತ ತಪಾಸಣೆ ಪಟ್ಟಿ

ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ದಿನಸಿ ಅಂಗಡಿಗಳಲ್ಲಿ ಹೆಚ್ಚು ಕೇಳಿಸುವ ಮಾತು ‘ಬರ್ಕೊಳಿ ಅಣ್ಣಾ’. ತೋಟದವರ ಕೈಯಲ್ಲಿ ಆಗ ದುಡ್ಡಿರುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು, ಅದಕ್ಕೆ ಮೈಲುತುತ್ತ ತರಬೇಕು, ಆಳಿಗೆ ಕೊಡಬೇಕು, ಮಕ್ಕಳ ಶಾಲೆ ಫೀಸೂ ಅದೇ ಜೂನ್‌ನಲ್ಲಿ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಅಡಿಕೆ ಮಂಡಿಗೆ ಹೋಗಿ ಬಿಲ್ಲಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಡಿಸೆಂಬರ್ ಕಳೆದಿರುತ್ತದೆ. ತೋಟದ ಕೆಲಸವನ್ನೇ ನಂಬಿದ ಕೂಲಿ ಮನೆಗಳ ಲೆಕ್ಕವೂ ಅದರ ಹಿಂದೆಯೇ ಸಾಗುತ್ತದೆ. ಅಲ್ಲಿಯವರೆಗೆ ಊರಿನ ಒಲೆ ಉರಿಯುವುದು ಅಂಗಡಿಯವರ ಬಂಡವಾಳದಲ್ಲಿ.

ಆ ಬಂಡವಾಳ ಎಷ್ಟು ಬೇಕಾಗುತ್ತದೆ ಎಂದು ಮೇ ತಿಂಗಳಲ್ಲೇ ಲೆಕ್ಕ ಹಾಕಿಟ್ಟುಕೊಳ್ಳುವ ಅಂಗಡಿಗಳು ತೀರಾ ಕಡಿಮೆ. ಅದಕ್ಕೇ ಎರಡು ಪುಟದ ಒಂದು ತಪಾಸಣೆ ಪಟ್ಟಿ ಮಾಡಿದ್ದೇವೆ. ಇದಕ್ಕೆ ದುಡ್ಡಿಲ್ಲ. ಕೇಳಿದ ಅಂಗಡಿಯವರಿಗೆಲ್ಲ ಅಚ್ಚು ಹಾಕಿದ ಪ್ರತಿ ಕೊಡುತ್ತೇವೆ, ಅದರ ಜೊತೆಗೆ ಯಾವ ಪಾಲಿಸಿಯನ್ನೂ ಮಾರುವುದಿಲ್ಲ. ತುಂಬಲು ಒಂದು ಮಧ್ಯಾಹ್ನ ಸಾಕು. ಉದ್ರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಏಜೆನ್ಸಿಯವರ ಕಳೆದ ವರ್ಷದ ಬಿಲ್ಲುಗಳು ಎದುರಿಗಿರಬೇಕು. ಪಟ್ಟಿಯ ಹಿಂದಿರುವ ಲೆಕ್ಕ ಗೊತ್ತಿಲ್ಲದೆ ಖಾಲಿ ಜಾಗ ತುಂಬಿದರೆ ಪ್ರಯೋಜನವಿಲ್ಲ, ಹಾಗಾಗಿ ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ತಿಂಗಳಿಗೆ 3 ಲಕ್ಷ ರೂಪಾಯಿ ವ್ಯಾಪಾರದ ಒಂದು ಹಳ್ಳಿ ಅಂಗಡಿ ಎಂದಿಟ್ಟುಕೊಳ್ಳಿ. ಸರಾಸರಿ ಲಾಭಾಂಶ ನೂರಕ್ಕೆ 12, ಅಂದರೆ 36,000. ಸರಕಿಗೆ ಹೋಗುವುದು 2,64,000. ಬಾಡಿಗೆ, ಕರೆಂಟು, ಗಾಡಿ ಬಾಡಿಗೆ, ಹುಡುಗನ ಸಂಬಳ ಸೇರಿ 16,000. ಉಳಿಯುವ 20,000 ಮನೆ ಖರ್ಚಿಗೆ. ಮಾಮೂಲಿ ತಿಂಗಳಲ್ಲಿ ಉದ್ರಿ ಕೊಟ್ಟಷ್ಟೇ ಹಳೆಯ ಉದ್ರಿ ವಸೂಲಾಗುತ್ತದೆ, ಲೆಕ್ಕ ಸರಿಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವ್ಯಾಪಾರ ಅಷ್ಟೇ ಇರುತ್ತದೆ, ಆದರೆ ಅದರಲ್ಲಿ 1,20,000 ಉದ್ರಿ ಪುಸ್ತಕಕ್ಕೆ ಹೋಗುತ್ತದೆ. ಗಲ್ಲಾಕ್ಕೆ ನಗದು 1,80,000, ಹಳೆ ಬಾಕಿಯಲ್ಲಿ ಬಂದದ್ದು 70,000, ಒಟ್ಟು 2,50,000. ಹೋಗಬೇಕಾದದ್ದು ಮಾತ್ರ ಆಗಲೂ 3 ಲಕ್ಷವೇ. ತಿಂಗಳಿಗೆ 50,000 ಕೊರತೆ, ನಾಲ್ಕು ತಿಂಗಳಿಗೆ 2 ಲಕ್ಷ. ಪುಸ್ತಕದಲ್ಲಿ ನೋಡಿದರೆ ಅಂಗಡಿ ಲಾಭದಲ್ಲೇ ಇದೆ, ಏಜೆನ್ಸಿಯವರ ಸೇಲ್ಸ್‌ಮನ್ ಬಂದಾಗ ಕೊಡಲು ಗಲ್ಲಾದಲ್ಲಿ ಮಾತ್ರ ದುಡ್ಡಿಲ್ಲ. ಪಟ್ಟಿಯ ಮೊದಲ ಮೂರು ಸಾಲು ಈ ಕೊರತೆಯನ್ನು ನಿಮ್ಮ ಅಂಗಡಿಯ ಅಂಕಿಗಳಿಂದ ತೆಗೆಯುವುದಕ್ಕಾಗಿ ಇವೆ. ಕಳೆದ ವರ್ಷ ಜೂನ್ 1ಕ್ಕೆ ಪುಸ್ತಕದಲ್ಲಿದ್ದ ಒಟ್ಟು ಬಾಕಿ ಎಷ್ಟು, ಸೆಪ್ಟೆಂಬರ್ 30ಕ್ಕೆ ಎಷ್ಟು, ಎರಡರ ವ್ಯತ್ಯಾಸ ಎಷ್ಟು. ಆ ವ್ಯತ್ಯಾಸವೇ ನಿಮ್ಮ ಮಳೆಗಾಲದ ಬಂಡವಾಳ.

ಈ 2 ಲಕ್ಷವನ್ನು ಎಲ್ಲಿಂದ ತಂದಿರಿ ಎನ್ನುವುದರ ಮೇಲೆ ವರ್ಷದ ಲಾಭ ನಿಂತಿದೆ. ಪ್ರತಿ ತಿಂಗಳ ಕೊನೆಗೆ 50,000ದಂತೆ ಕೈಸಾಲ ಮಾಡಿ, ಅಡಿಕೆ ದುಡ್ಡು ಬಂದ ಮೇಲೆ ಜನವರಿ ಕೊನೆಗೆ ಎಲ್ಲವನ್ನೂ ತೀರಿಸಿದರು ಎನ್ನೋಣ. ಜೂನ್‌ನ ಸಾಲ ಏಳು ತಿಂಗಳು, ಜುಲೈನದು ಆರು, ಆಮೇಲಿನವು ಐದು ಮತ್ತು ನಾಲ್ಕು. ಮೂರು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 1,500ರಂತೆ 22 ತಿಂಗಳ ಬಡ್ಡಿ, 33,000. ಹೆಚ್ಚುವರಿಯಾಗಿ ಉದ್ರಿ ಕೊಟ್ಟ 2 ಲಕ್ಷದ ಸರಕಿನಲ್ಲಿ ಇದ್ದ ಲಾಭವೇ 24,000. ಅಂದರೆ ನಾಲ್ಕು ತಿಂಗಳು ಮಳೆಯಲ್ಲಿ ಕೂತು ಮಾರಿ, ಕೈಯಿಂದ 9,000 ಕೊಟ್ಟಂತಾಯಿತು. ಅದೇ ಸಾಲ ವರ್ಷಕ್ಕೆ ನೂರಕ್ಕೆ 12ರ ದರದಲ್ಲಿ ಬ್ಯಾಂಕಿನಿಂದ ಬಂದಿದ್ದರೆ ಬಡ್ಡಿ 11,000, ಲಾಭದಲ್ಲಿ 13,000 ಉಳಿಯುತ್ತಿತ್ತು.

ಬ್ಯಾಂಕಿಗೆ ಹೋಗುವವರು ಒಂದು ವಿಷಯ ಗಮನಿಸಿ. ಕಂತಿನ ಸಾಲ ಈ ಕೊರತೆಗೆ ಸರಿಹೊಂದುವುದಿಲ್ಲ. ಜುಲೈನಲ್ಲಿ ತೆಗೆದ ಸಾಲಕ್ಕೆ ಆಗಸ್ಟ್‌ನಲ್ಲೇ ಕಂತು ಶುರುವಾದರೆ, ದುಡ್ಡಿಲ್ಲದ ತಿಂಗಳಿಗೆ ಇನ್ನೊಂದು ಖರ್ಚು ಸೇರಿಸಿದಂತೆ. ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ ಬೀಳುವ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಕೇಳಿ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುವ ಅವಕಾಶವಿದೆ. ಆದರೆ ಕಾಗದಪತ್ರ, ಮ್ಯಾನೇಜರ್ ಭೇಟಿ, ಮಂಜೂರಾತಿ ಎಲ್ಲ ಮುಗಿಯಲು ವಾರಗಳೇ ಬೇಕು. ಜುಲೈನಲ್ಲಿ ಅರ್ಜಿ ಹಾಕಿದವರು ಅಷ್ಟರೊಳಗೆ ಕೈಸಾಲ ಮಾಡಿಯಾಗಿರುತ್ತದೆ. ಪಟ್ಟಿಯಲ್ಲಿ ಈ ಸಾಲಿನ ಎದುರು ‘ಏಪ್ರಿಲ್’ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಅದಕ್ಕೇ.

ಇನ್ನು ಹೆಚ್ಚಿನವರು ಎಡವುವ ಜಾಗ. ಜನವರಿ, ಫೆಬ್ರವರಿಯಲ್ಲಿ ಹಳೆ ಬಾಕಿ ಒಟ್ಟೊಟ್ಟಿಗೆ ಬರುತ್ತದೆ. ಒಂದೇ ವಾರದಲ್ಲಿ ನಾಲ್ಕು ಮನೆಯವರು ಬಂದು ಮೂವತ್ತು, ನಲವತ್ತು ಸಾವಿರ ಎಣಿಸಿ ಹೋಗುತ್ತಾರೆ. ಗಲ್ಲಾ ತುಂಬಿದ್ದು ನೋಡಿ ಮನೆಗೆ ಫ್ರಿಜ್ಜು ಬರುತ್ತದೆ, ಮಗನಿಗೆ ಬೈಕಿನ ಮುಂಗಡ ಹೋಗುತ್ತದೆ. ಬಂದ 2 ಲಕ್ಷದಲ್ಲಿ 1,76,000 ಸರಕಿನ ಅಸಲು, ಅಂಗಡಿಯ ದುಡ್ಡು. ಲಾಭವೆಂದು ಮುಟ್ಟಬಹುದಾದದ್ದು 24,000, ಅದರಲ್ಲೂ ಬಡ್ಡಿ ಕಳೆದು. ಅಸಲು ಹೀಗೆ ಕರಗಿದ್ದರಿಂದಲೇ ಮುಂದಿನ ಜೂನ್‌ನಲ್ಲಿ ಮತ್ತೆ ಮೂರು ರೂಪಾಯಿ ಬಡ್ಡಿಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಆದ್ದರಿಂದ ಪಟ್ಟಿಯ ಐದನೇ ಸಾಲು: ಸಾಲವಿದ್ದರೆ ಅಡಿಕೆ ದುಡ್ಡಿನಲ್ಲಿ ಮೊದಲು ಅದನ್ನು ತೀರಿಸಿ. ಆಮೇಲೆ ಬಂದ ಹಳೆ ಬಾಕಿಯ ಅಸಲು ಬೇರೆ ಖಾತೆಗೆ ಹೋಗಬೇಕು, ಮೇ ಕೊನೆಗೆ ಮುಗಿಯುವಂತೆ ಠೇವಣಿಯಾಗಬೇಕು. ಮೊದಲ ವರ್ಷ ಪೂರ್ತಿ ಆಗದಿದ್ದರೆ 40,000 ಇಡಿ, ಮರುವರ್ಷ ಅಷ್ಟು ಸಾಲ ಕಡಿಮೆಯಾಗುತ್ತದೆ. ಪಿಗ್ಮಿ ಕಟ್ಟುವವರು ಅದರ ಅವಧಿಯನ್ನೂ ಮೇಗೆ ಹೊಂದಿಸಿಕೊಳ್ಳಿ, ನಡುವೆ ಮುರಿದರೆ ಬಡ್ಡಿ ಕಡಿತವಾಗುತ್ತದೆ. ಎಲ್ಲಿ ಕಟ್ಟುತ್ತಿದ್ದೀರಿ ಎಂದೂ ನೋಡಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಪರಿಚಯದ ಹುಡುಗ ಮನೆ ಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗುತ್ತಾನೆ ಎಂಬ ಒಂದೇ ಕಾರಣಕ್ಕೆ ಅಂಗಡಿಯ ಇಡೀ ಬಂಡವಾಳ ಅಲ್ಲಿರುವುದು ಬೇಡ.

ಎರಡನೇ ಪುಟ ಪೂರ್ತಿ ಉದ್ರಿ ಪುಸ್ತಕದ್ದು. ನೂರಕ್ಕೆ 12 ಲಾಭದ ಅಂಗಡಿಯಲ್ಲಿ ನೂರು ರೂಪಾಯಿ ಉದ್ರಿಗೆ 12 ಮುಳುಗಿದರೆ ಲಾಭವೆಲ್ಲ ಹೋಯಿತು. ಸಮಾನ ಬಾಕಿಯ ಎಂಟು ಮನೆಗಳಲ್ಲಿ ಒಂದು ಕೈಯೆತ್ತಿದರೂ ಸಾಕು. ಹಾಗಾಗಿ ಮನೆಗೊಂದು ಮಿತಿ ಬೇಕು. ಕಳೆದ ಸುಗ್ಗಿಯಲ್ಲಿ ಆ ಮನೆ ನಿಜವಾಗಿ ತೀರಿಸಿದ ಮೊತ್ತವೇ ಈ ವರ್ಷದ ಮಿತಿ ಎನ್ನುವುದು ನಮ್ಮ ಸಲಹೆ. 18,000 ತೀರಿಸಿ 7,000 ಹಾಗೇ ಉಳಿಸಿದವರಿಗೆ ಮಿತಿ 18,000, ಅದರಲ್ಲಿ ಹಳೆಯ 7,000 ಸೇರಿಯೇ. ಕೊಳೆ ಜೋರಾದ ವರ್ಷ ಆಗಸ್ಟ್ ಹೊತ್ತಿಗೇ ತೋಟದ ಸ್ಥಿತಿ ಊರಿಗೆಲ್ಲ ಗೊತ್ತಾಗುತ್ತದೆ. ಆಗ ಮಿತಿಯನ್ನು ಕಾಲುಭಾಗ ಇಳಿಸಿ.

ಪುಸ್ತಕದ ಪುಟ ಹೇಗಿರಬೇಕು ಎಂಬುದಕ್ಕೆ ಪಟ್ಟಿಯಲ್ಲಿ ಒಂದು ಮಾದರಿ ಇದೆ. ಸಾಮಾನ್ಯವಾಗಿ ಕಾಣುವ ಪುಟ ಹೀಗಿರುತ್ತದೆ: ‘ಸೇತುವೆ ಮನೆ, ಅಕ್ಕಿ ಎಣ್ಣೆ 2,340’, ಕೆಳಗೆ ‘ಮಗ ಬಂದಿದ್ದ 410’, ಮೂಲೆಯಲ್ಲಿ ‘5,000 ಬಂತು’. ತಾರೀಕಿಲ್ಲ, ಉಳಿದದ್ದೆಷ್ಟು ಎಂದಿಲ್ಲ, ಯಾರು ಒಯ್ದರು ಎಂಬುದಕ್ಕೆ ಗುರುತಿಲ್ಲ. ಮಾದರಿ ಪುಟದಲ್ಲಿ ತಾರೀಕು, ಸಾಮಾನು, ಮೊತ್ತ, ಬಂದದ್ದು, ಬಾಕಿ, ಸಹಿ ಎಂದು ಆರು ಕಲಮು. ಪ್ರತಿ ಸಾಲಿನಲ್ಲೂ ಬಾಕಿ ಬರೆಯಬೇಕು. ಬಂದ ದುಡ್ಡನ್ನು ಯಾವಾಗಲೂ ಅತಿ ಹಳೆಯ ಬಾಕಿಗೆ ಮೊದಲು ಜಮೆ ಮಾಡಬೇಕು. ನಿಮ್ಮ ಮನೆಗೆ ಒಯ್ದ ಸಾಮಾನಿಗೂ ಒಂದು ಪುಟ ಇಡಿ, ಇಲ್ಲದಿದ್ದರೆ ತಿಂಗಳಿಗೆ ಐದಾರು ಸಾವಿರದ ಸರಕು ಎಲ್ಲಿ ಹೋಯಿತೆಂದು ಹುಡುಗನ ಮೇಲೆ ಅನುಮಾನ ಬರುತ್ತದೆ.

ಸಹಿಯ ಕಲಮನ್ನು ಸಂಕೋಚದಿಂದ ಬಿಡಬೇಡಿ. ಗಡುವು ಹೇಳದೆ ಉದ್ರಿ ಕೊಟ್ಟ ಸಾಮಾನಿನ ಹಣಕ್ಕೆ, ಸಾಮಾನು ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು ಎನ್ನುತ್ತದೆ 1963ರ ಕಾಲಮಿತಿ ಕಾಯ್ದೆ. ಆ ಮೂರು ವರ್ಷ ಮುಗಿಯುವ ಮೊದಲೇ ಗ್ರಾಹಕರು ‘ಇಷ್ಟು ಬಾಕಿ ಇದೆ’ ಎಂದು ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಎಣಿಕೆ. ಮುಗಿದ ಮೇಲೆ ಹಾಕಿಸಿದ ಸಹಿಯಿಂದ ಕಾಲ ಹಾಗೆ ಮುಂದೆ ಹೋಗುವುದಿಲ್ಲ. ಕೋರ್ಟಿಗೆ ಹೋಗುವ ಮಾತು ಊರಲ್ಲಿ ಯಾರಿಗೂ ಬೇಡ, ನಿಜ. ಆದರೆ ತೀರಿಕೊಂಡ ಯಜಮಾನರ ಬಾಕಿಯನ್ನು ಮಕ್ಕಳು ಒಪ್ಪುವುದೂ ಆ ಸಹಿ ನೋಡಿಯೇ. ಗಣೇಶ ಹಬ್ಬದ ಸಾಮಾನು ಕಟ್ಟಿಕೊಡುವಾಗ ‘ಇಲ್ಲಿಗೆ ಇಷ್ಟಾಗಿದೆ ನೋಡಿ ಗೌಡ್ರೇ, ಒಂದು ಸೈನ್ ಹಾಕ್ಬಿಡಿ’ ಎಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಒಬ್ಬರಿಗೆ ಕೇಳಿ ಒಬ್ಬರನ್ನು ಬಿಟ್ಟರೆ ಮಾತ್ರ ಬೇಸರ.

ಕೊನೆಯ ಸಾಲು ಗಲ್ಲಾದ ಎದುರಿನ ಕ್ಯೂಆರ್ ಕೋಡ್ ಬಗ್ಗೆ. ಅದು ಯಾವ ಖಾತೆಗೆ ಜೋಡಣೆಯಾಗಿದೆ ನೋಡಿ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವರ್ತಕರಿಗೆ ತೆರಿಗೆ ನೋಟಿಸು ಬಂದದ್ದು ನೆನಪಿರಬಹುದು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ತೆರಿಗೆ ಬೀಳುವ ಸರಕಿನ ಜೊತೆಗೆ ಹಾಲು, ತರಕಾರಿ ಮಾರಿದರೆ ಅದೂ ಆ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಉದಾಹರಣೆಯ ಅಂಗಡಿಯ ವ್ಯಾಪಾರ 36 ಲಕ್ಷ. ಮಾವನ ಮನೆಯಿಂದ ಬಂದ ಕೈಗಡ, ಚೀಟಿ ಎತ್ತಿದ ದುಡ್ಡು, ಸ್ವಂತ ತೋಟದ ಅಡಿಕೆ ಬಿಲ್ಲು ಎಲ್ಲ ಸೇರಿ 5 ಲಕ್ಷ ಅದೇ ಖಾತೆಗೆ ಬಿದ್ದರೆ ಹೊರಗಿನಿಂದ ನೋಡುವವರಿಗೆ ಅದು 41 ಲಕ್ಷ. ಅಂಗಡಿಗೆ ಚಾಲ್ತಿ ಖಾತೆ ಮಾಡಿಸಿ ಕ್ಯೂಆರ್ ಅದಕ್ಕೇ ಜೋಡಿಸಿ, ತಿಂಗಳಿಗೊಮ್ಮೆ ಗೊತ್ತಾದ ತಾರೀಕಿಗೆ ಮನೆ ಖರ್ಚಿನ 20,000ವನ್ನು ಮನೆ ಖಾತೆಗೆ ಕಳಿಸಿ. ಓವರ್‌ಡ್ರಾಫ್ಟ್ ಕೇಳಲು ಹೋದಾಗ ಬ್ಯಾಂಕಿನವರು ತೆಗೆದು ನೋಡುವುದೂ ಇದೇ ಖಾತೆಯನ್ನು.

ಪ್ರತಿ ತೆಗೆದುಕೊಂಡವರು ಮೊದಲು ಆ ಮೂರು ಸಾಲು ತುಂಬಿ. ಸೆಪ್ಟೆಂಬರ್ 30ರ ಬಾಕಿ ಪುಸ್ತಕದಿಂದ ಸಿಗದೇ ಹೋದರೆ ಅಲ್ಲೇ ನಿಲ್ಲಿಸಿ, ಎರಡನೇ ಪುಟದ ಮಾದರಿಯಂತೆ ಇಂದಿನ ಬಾಕಿಯನ್ನು ಮನೆಮನೆಯದೂ ಹೊಸ ಪುಸ್ತಕಕ್ಕೆ ಇಳಿಸಿ. ನೂರು ಮನೆಯ ಅಂಗಡಿಗೆ ಅದು ಎರಡು ಭಾನುವಾರದ ಕೆಲಸ.